ಒಂದೇ ರೀಲ್, ಎರಡು ಫೋನ್

ಬಸವಕಲ್ಯಾಣದ ಹುಡುಗನೊಬ್ಬ ಹರಳಯ್ಯ–ಮಧುವರಸರ ಕಥೆಯ ರೀಲ್ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಅಂತಿಟ್ಟುಕೊಳ್ಳಿ. ಅಂತರ್ಜಾತಿ ಮದುವೆ ಮಾಡಿಸಿದ್ದಕ್ಕೆ ಅವರಿಬ್ಬರಿಗೂ ಎಳೆಹೂಟೆ ಶಿಕ್ಷೆ ಆಯಿತು ಅನ್ನೋದು ಶರಣ ಪರಂಪರೆಯ ಕಥನ. ರೀಲಿನಲ್ಲಿ ಹಗ್ಗ ಇದೆ, ಆನೆ ಇದೆ, ರಕ್ತ ಇದೆ. ಹುಮನಾಬಾದಿನಲ್ಲಿರೋ ಅವನ ಹದಿನೈದರ ತಮ್ಮ ಹುಡುಕಿ, ‘ಅಣ್ಣಾ, ನಿಮ್ಗ ಬರ್ತದ, ನಮ್ಗ್ಯಾಕ ಬರವಲ್ದು?’ ಅಂತ ಕೇಳಬಹುದು.

ರೀಲ್ ಡಿಲೀಟ್ ಆಗಿರಬೇಕು ಅಂತಲೇ ನಾವು ಮೊದಲು ಅಂದುಕೊಳ್ಳೋದು. ಆದರೆ ತೆಗೆದುಹಾಕೋ ನಿಯಮ ಬೇರೆ, ಶಿಫಾರಸು ಮಾಡೋ ನಿಯಮ ಬೇರೆ. ಇರಲು ಅವಕಾಶವಿರೋ ಎಷ್ಟೋ ವಿಡಿಯೋಗಳನ್ನು, ಉದಾಹರಣೆಗೆ ಜನ ಹೊಡೆದಾಡೋ ದೃಶ್ಯಗಳನ್ನು, ಅಪರಿಚಿತರ ಮುಂದೆ ಇನ್‌ಸ್ಟಾಗ್ರಾಮ್ ತಾನಾಗಿ ಇಡೋದಿಲ್ಲ. ಎಷ್ಟು ತಡೆಯಬೇಕು ಅನ್ನೋದನ್ನು Sensitive content ಸೆಟ್ಟಿಂಗ್ ನಿರ್ಧರಿಸುತ್ತದೆ. ಅದರಲ್ಲಿ ಮೂರು ಹಂತ: More, Standard, Less. 2021ರ ಜುಲೈನಲ್ಲಿ ಅದು Explore ಪುಟಕ್ಕಷ್ಟೇ ಬಂದಿತ್ತು. 2022ರಲ್ಲಿ ಹುಡುಕಾಟ, ರೀಲ್ಸ್, ಹ್ಯಾಷ್‌ಟ್ಯಾಗ್, ಸೂಚಿಸುವ ಖಾತೆಗಳಿಗೂ ವಿಸ್ತರಿಸಿತು.

ವಯಸ್ಸಿನ ಪಾತ್ರ ಇಲ್ಲಿ ಶುರು. ಹದಿನೆಂಟು ತುಂಬದವರಿಗೆ More ಆಯ್ಕೆಯೇ ಇಲ್ಲ. ಟೀನ್ ಅಕೌಂಟ್ 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿ Less ತಾನಾಗಿ ಹಾಕಿರುತ್ತಿತ್ತು. ಆಗ ಹದಿನಾರರೊಳಗಿನವರು ಅದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕಿತ್ತು. ಹೀಗಾಗಿ ಅದೇ ಪದ ಹಾಕಿ ಹುಡುಕಿದರೂ ಅಣ್ಣನ ಪಟ್ಟಿ ಬೇರೆ, ತಮ್ಮನ ಪಟ್ಟಿ ಬೇರೆ. (ತಮ್ಮ ಅಪ್ಪನ ಖಾತೆಯಲ್ಲಿ ಹುಡುಕಿದರೆ ಅಪ್ಪನ ವಯಸ್ಸೇ ಲೆಕ್ಕಕ್ಕೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಫೋನು ಒಂದೇ!)

ತಡೆ ಎಲ್ಲಿ ಬಿದ್ದಿದೆ ಅಂತ ಪತ್ತೆ ಮಾಡೋದು ಅಷ್ಟೇನೂ ಕಷ್ಟವಲ್ಲ. ತಮ್ಮ ವಿಷಯದ ಪದ ಬಿಟ್ಟು ಅಣ್ಣನ ಖಾತೆಯ ಹೆಸರನ್ನೇ ಟೈಪ್ ಮಾಡಿ ಒಳಗೆ ಹೋಗಲಿ. ಅಲ್ಲಿ ರೀಲ್ ಕಂಡರೆ ತಡೆ ಇರೋದು ಶಿಫಾರಸಿನಲ್ಲಿ. ಅಲ್ಲೂ ಇಲ್ಲ, ಅಣ್ಣನಿಗೆ ಮಾತ್ರ ಕಾಣ್ತದೆ ಅಂದರೆ, ವಯಸ್ಸಿನ ಗೋಡೆಯೇ ಅಡ್ಡ ನಿಂತಿರೋ ಸಾಧ್ಯತೆ ಹೆಚ್ಚು. ಅಣ್ಣ ತನ್ನ ಖಾತೆಯ Account Status ತೆರೆದರೆ, ಶಿಫಾರಸಿಗೆ ಅರ್ಹವಲ್ಲ ಅಂತ ಗುರುತಾದ ಪೋಸ್ಟ್‌ಗಳು ಅಲ್ಲಿ ಸಿಗುತ್ತವೆ. ತಪ್ಪು ಅನಿಸಿದರೆ ಅಲ್ಲಿಂದಲೇ ಮರುಪರಿಶೀಲನೆ ಕೇಳಬಹುದು.

ಮೊದಲ ತೀರ್ಪು ಬಹುಪಾಲು ಸಾಫ್ಟ್‌ವೇರ್‌ದೇ. ದೃಶ್ಯ, ಶೀರ್ಷಿಕೆ, ಮಾತು ನೋಡಿ ಇದು ಹಿಂಸೆ ಇರಬಹುದಾ ಅಂತ ಅದು ಅಂದಾಜು ಮಾಡುತ್ತದೆ. ಇಂಥ ಅಂದಾಜಿನಲ್ಲಿ ಹಿಂಸೆಯನ್ನು ಮೆರೆಸೋದು, ಹಿಂಸೆಯನ್ನು ಖಂಡಿಸೋದು ಎರಡೂ ಒಂದೇ ಥರ ಕಾಣೋದು ಸುಲಭ. ಆನೆಯ ಕಾಲಿನ ಬದಲು ಹಗ್ಗವನ್ನು ಮಾತ್ರ ತೋರಿಸಿ, ಉಳಿದದ್ದನ್ನು ಮಾತಿನಲ್ಲಿ ಹೇಳಿದ್ದರೆ ಈ ರೀಲ್ ಆ ಹುಡುಗನವರೆಗೂ ತಲುಪೋ ಸಾಧ್ಯತೆ ಹೆಚ್ಚಿತ್ತು. ಕಲ್ಯಾಣದ ಕಥೆಯನ್ನು ಹಾಗೆ ಮೆದು ಮಾಡಬೇಕಾ ಅನ್ನೋದನ್ನು ಮಾತ್ರ ಯಾವ ಸೆಟ್ಟಿಂಗೂ ಹೇಳೋದಿಲ್ಲ.