ಓಲ್ಡ್ ಫ್ಯಾಶನ್ಡ್: ಜಜ್ಜಬೇಕಾದ್ದು ಸಕ್ಕರೆಯೋ, ಹಣ್ಣೋ?

ಕಾಕ್‌ಟೇಲ್ ಎಂದರೇನು ಎಂದು ಓದುಗನೊಬ್ಬ ಕೇಳಿದ್ದಕ್ಕೆ 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಉತ್ತರ ಕೊಟ್ಟಿತ್ತು: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಬಿಟರ್ಸ್. ಆಮೇಲೆ ಅಮೆರಿಕದ ಬಾರುಗಳಲ್ಲಿ ಇದಕ್ಕೆ ಬಗೆಬಗೆಯ ಲಿಕ್ಯೂರ್‌ಗಳು ಸೇರುತ್ತ ಹೋದವು. ಅದು ಹಿಡಿಸದ ಗಿರಾಕಿಗಳು ಹಳೇ ಕಾಲದ್ದೇ ಬೇಕು ಎಂದು ಕೇಳತೊಡಗಿದರು. 1880ರ ದಶಕದ ಹೊತ್ತಿಗೆ ಓಲ್ಡ್ ಫ್ಯಾಶನ್ಡ್ ಎಂಬುದು ಒಂದು ಪಾನೀಯದ ಹೆಸರೇ ಆಗಿತ್ತು.

ಜಾರ್ಜ್ ಕ್ಯಾಪ್ಲರ್ 1895ರ ತನ್ನ ಪುಸ್ತಕದಲ್ಲಿ ಇದನ್ನು ಮಾಡುವ ಕ್ರಮ ಬರೆದಿದ್ದಾನೆ. ಲೋಟದಲ್ಲಿ ಸಣ್ಣ ಸಕ್ಕರೆ ತುಂಡೊಂದನ್ನು ಚೂರು ನೀರಿನಲ್ಲಿ ಕರಗಿಸಬೇಕು. ಎರಡು ಚಿಮುಕು ಅಂಗೊಸ್ತುರಾ ಬಿಟರ್ಸ್, ಒಂದು ತುಂಡು ಐಸ್, ನಿಂಬೆಯ ಸಿಪ್ಪೆ, ಒಂದು ಅಳತೆ ವಿಸ್ಕಿ ಹಾಕಿ ಕಲಕಬೇಕು. ಇದರಲ್ಲಿ ಕಿತ್ತಳೆಯ ಹೋಳಿಲ್ಲ, ಚೆರ್ರಿ ಇಲ್ಲ. ಹಣ್ಣು ಜಜ್ಜುವ ಜಗಳದಲ್ಲಿ ನಾನು ಯಾವ ಕಡೆ ಎಂಬುದಕ್ಕೆ ಈ ಪಟ್ಟಿಯೂ ಒಂದು ಕಾರಣ. ಆದರೆ ಹಳೆಯದೆಂಬ ಮಾತ್ರಕ್ಕೆ ಅದೇ ಸರಿ ಎನ್ನಲಾಗದು. ರುಚಿಯ ಲೆಕ್ಕವನ್ನೂ ನೋಡಬೇಕು.

ಮೊದಲು ಸಕ್ಕರೆ. ಸಕ್ಕರೆ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮದ್ಯದಲ್ಲಿ ಕರಗುವುದು ಕಡಿಮೆ, ತಣ್ಣಗಿನ ಮದ್ಯದಲ್ಲಂತೂ ಹಟ ಹಿಡಿಯುತ್ತದೆ. ಹಾಗಾಗಿ ಸಕ್ಕರೆ ಕ್ಯೂಬನ್ನು ಬಿಟರ್ಸ್‌ನಿಂದ ನೆನೆಸಿ, ಒಂದು ಟೀ ಚಮಚ ನೀರು ಹಾಕಿ, ಕಣ ಉಳಿಯದಂತೆ ಅರೆದ ಮೇಲೆಯೇ ವಿಸ್ಕಿ ಸುರಿಯಬೇಕು, ಐಸ್ ಕೊನೆಗೆ. ಅವಸರ ಮಾಡಿದರೆ ಚಮಚ ಆಡಿಸುವಾಗ ತಳದಲ್ಲಿ ಕರಕರ ಸದ್ದು ಕೇಳುತ್ತದೆ. ಆಗ ಮೊದಲ ಗುಟುಕು ಖಾರವಾಗಿ, ಕೊನೆಯ ಗುಟುಕು ಪಾಕದ ಹಾಗೆ ಇರುತ್ತದೆ.

ಈ ತೊಂದರೆಯೇ ಬೇಡ ಎನ್ನುವವರು ಪಾಕ ಬಳಸುತ್ತಾರೆ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು, ತೂಕದ ಲೆಕ್ಕದಲ್ಲಿ, ಬಿಸಿ ಮಾಡಿ ಕರಗಿಸಿಟ್ಟರೆ ಸಾಕು. ಇದರ ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇರುತ್ತದೆ, ಹೆಚ್ಚುಕಡಿಮೆ ಒಂದು ಕ್ಯೂಬಿನಷ್ಟೇ. 60 ಮಿಲಿ ವಿಸ್ಕಿಗೆ ಅಷ್ಟು ಸಾಕು. ಬಿಳಿ ಸಕ್ಕರೆ ಬರೀ ಸಿಹಿ ಕೊಡುತ್ತದೆ. ಡೆಮೆರಾರಾದಂಥ ಕಂದು ಸಕ್ಕರೆಯಲ್ಲಿ ಕಾಕಂಬಿಯ ಛಾಯೆ ಉಳಿದಿರುವುದರಿಂದ ಮಸಾಲೆಯ ಘಾಟಿರುವ ರೈ ವಿಸ್ಕಿಗೆ ಚೆನ್ನಾಗಿ ಹೊಂದುತ್ತದೆ. ಬರ್ಬನ್ ತಾನೇ ಸಿಹಿಯತ್ತ ವಾಲುವುದರಿಂದ ಅದಕ್ಕೆ ಪಾಕ ತುಸು ಕಡಿಮೆಯಾದರೂ ನಡೆಯುತ್ತದೆ.

ಬಿಟರ್ಸ್ ಇಲ್ಲದಿದ್ದರೆ ಇದು ಸಿಹಿ ವಿಸ್ಕಿ ಅಷ್ಟೇ. ಅಂಗೊಸ್ತುರಾವನ್ನು 1824ರಲ್ಲಿ ವೆನೆಜುವೆಲಾದ ಅದೇ ಹೆಸರಿನ ಊರಿನಲ್ಲಿ ಜರ್ಮನ್ ವೈದ್ಯ ಸೀಗರ್ಟ್ ಔಷಧವಾಗಿ ತಯಾರಿಸಿದ. ಈಗ ಅದು ಟ್ರಿನಿಡಾಡ್‌ನಲ್ಲಿ ತಯಾರಾಗುತ್ತದೆ. ಜೆನ್ಷಿಯನ್ ಬೇರಿನ ಕಹಿ, ಅದರ ಹಿಂದೆ ಲವಂಗ ದಾಲ್ಚಿನ್ನಿಗಳನ್ನು ನೆನಪಿಸುವ ವಾಸನೆ. ಎರಡು ಮೂರು ಚಿಮುಕು ಬಿದ್ದರೆ ಸಿಹಿ ನಾಲಿಗೆಗೆ ಅಂಟಿ ಕೂರುವುದಿಲ್ಲ. ತುಂಬಿದ ಬಾಟಲಿ ಸಣ್ಣ ಹನಿ ಬಿಡುತ್ತದೆ, ಖಾಲಿಯಾಗುತ್ತ ಬಂದದ್ದು ದೊಡ್ಡದು. ಕೈಯಳತೆ ತಪ್ಪುವುದು ಇಲ್ಲಿಯೇ.

ಇನ್ನು ಹಣ್ಣು. ಪಾನನಿಷೇಧ 1933ರಲ್ಲಿ ಕೊನೆಗೊಂಡ ಮೇಲೆ ಕಿತ್ತಳೆ ಹೋಳು ಮತ್ತು ಕೆಂಪು ಚೆರ್ರಿಯನ್ನು ಸಕ್ಕರೆಯ ಜೊತೆಗೇ ಜಜ್ಜುವ ಪದ್ಧತಿ ಅಮೆರಿಕದಲ್ಲಿ ಹರಡಿತು. ಕಳಪೆ ಮದ್ಯದ ನಾತ ಮುಚ್ಚಲು ಕಲಿತ ಉಪಾಯ ಇದು ಎನ್ನುವವರಿದ್ದಾರೆ. 1948ರಲ್ಲಿ ಡೇವಿಡ್ ಎಂಬರಿ ಎಂಬ ವಕೀಲ ಕಾಕ್‌ಟೇಲ್‌ಗಳ ಬಗ್ಗೆ ಬರೆದ ಪುಸ್ತಕದಲ್ಲಿ ಪಾಕದ ಪರ, ಜಜ್ಜಿದ ಹಣ್ಣಿನ ವಿರುದ್ಧ ವಾದಿಸಿದ.

ಆತನ ವಾದ ನನಗೆ ಒಪ್ಪಿಗೆ. ಕಿತ್ತಳೆಯ ಪರಿಮಳವಿರುವುದು ಹೊರಸಿಪ್ಪೆಯ ಎಣ್ಣೆಯಲ್ಲಿ. ಹೋಳನ್ನು ಜಜ್ಜಿದಾಗ ಅದರ ಜೊತೆಗೆ ರಸ, ಹುಳಿ ಮತ್ತು ಸಿಪ್ಪೆಯೊಳಗಿನ ಬಿಳಿ ಪದರದ ಒರಟು ಕಹಿ ಎಲ್ಲವೂ ಇಳಿಯುತ್ತವೆ. ರಸ ವಿಸ್ಕಿಯನ್ನು ತೆಳುವಾಗಿಸುತ್ತದೆ, ಚೆರ್ರಿಯ ಪಾಕ ಅಳೆದು ಹಾಕಿದ ಸಿಹಿಯನ್ನು ಕೆಡಿಸುತ್ತದೆ, ನಾರು ಹಲ್ಲಿಗೆ ಸಿಗುತ್ತದೆ. ಅದರ ಬದಲು ಬಿಗಿ ಸಿಪ್ಪೆಯ ಕಿತ್ತಳೆಯಿಂದ (ಕೊಡಗಿನ ಸಡಿಲ ಸಿಪ್ಪೆಯದ್ದಲ್ಲ) ಹೆಬ್ಬೆರಳಗಲದ ಹೊರಸಿಪ್ಪೆ ಹೆರೆದು, ಬಣ್ಣದ ಮೈಯನ್ನು ಲೋಟದತ್ತ ತಿರುಗಿಸಿ ಮಡಿಚಿ ಹಿಂಡಿ. ಎಣ್ಣೆಯ ತುಂತುರು ಪಾನೀಯದ ಮೇಲೆ ಸಣ್ಣ ಚುಕ್ಕೆಗಳಾಗಿ ನಿಲ್ಲುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ.

ಆದರೆ ವಿಸ್ಕಾನ್ಸಿನ್ ರಾಜ್ಯದವರ ಮುಂದೆ ನಾನು ಈ ವಾದ ಹೂಡಲಾರೆ. ಅಲ್ಲಿ ಓಲ್ಡ್ ಫ್ಯಾಶನ್ಡ್ ಎಂದರೆ ಬ್ರಾಂದಿ. ಕಿತ್ತಳೆ, ಚೆರ್ರಿ, ಸಕ್ಕರೆ, ಬಿಟರ್ಸ್ ಜಜ್ಜಿ, ಬ್ರಾಂದಿ ಹಾಕಿ, ಮೇಲೆ ಸೋಡಾ ತುಂಬುತ್ತಾರೆ. ಸಿಹಿ ಬೇಕಾದವರಿಗೆ ನಿಂಬೆ ರುಚಿಯ ಸಿಹಿ ಸೋಡಾ, ಹುಳಿ ಬೇಕಾದವರಿಗೆ ಬೇರೆಯದು. ಅಷ್ಟು ಸೋಡಾ ಬೀಳುವ ಲೋಟದಲ್ಲಿ ಹಣ್ಣಿನ ರಸದಿಂದ ತೆಳುವಾಯಿತು ಎಂಬ ದೂರಿಗೆ ಅರ್ಥವಿಲ್ಲ. ಅಲ್ಲಿ ಹಣ್ಣು ಇಲ್ಲದಿದ್ದರೆ ಪಾನೀಯವೇ ಸಪ್ಪೆ. 60 ಮಿಲಿ ಒಳ್ಳೆಯ ವಿಸ್ಕಿಯನ್ನು ನಿಧಾನವಾಗಿ ಕುಡಿಯಬೇಕೆಂದು ಮಾಡುವ ಲೋಟಕ್ಕೆ ಮಾತ್ರ ಸಿಪ್ಪೆ ಸಾಕು ಎಂಬುದು ನನ್ನ ಪಟ್ಟು.