ಜೆರಾಕ್ಸ್ ನುಂಗಿದ ನೂರು ಮೀಟರ್

ಕಳೆದ ಬೇಸಿಗೆ ರಜೆಯಲ್ಲಿ ಸಾತನೂರಿನ ಹತ್ತಿರದ ನಮ್ಮ ಹೊಲದಲ್ಲಿ ನನ್ನ ಎಂಜಿನಿಯರಿಂಗ್ ವಿದ್ಯೆಗೆ ಮೊದಲ ಪರೀಕ್ಷೆ ನಡೆಯಿತು. ಫೇಲಾದೆ.

ದೊಡ್ಡಪ್ಪನ ಜಮೀನಿನಲ್ಲಿ ಕೊರೆಸಿದ ಬೋರ್‌ವೆಲ್‌ಗೆ ನೀರು ಬಿದ್ದಿತ್ತು. ಅಲ್ಲಿಂದ ನಮ್ಮ ಎರಡು ಎಕರೆ ಹಿಪ್ಪುನೇರಳೆ ತೋಟದವರೆಗೆ ಪೈಪ್ ಎಳೆದುಕೊಳ್ಳಿ ಎಂದು ದೊಡ್ಡಪ್ಪನೇ ಹೇಳಿದ್ದರು. ತೋಟ ಒಣಗುತ್ತಿತ್ತು, ಮುಂದಿನ ಬೆಳೆಗೆ ಸೊಪ್ಪು ಬೇಕಿತ್ತು. ಎಷ್ಟು ಪೈಪ್ ತರಬೇಕು ಎಂದು ಅಪ್ಪ ಹಾಸ್ಟೆಲ್‌ಗೆ ಫೋನ್ ಮಾಡಿ ಕೇಳಿದರು. ಸಿವಿಲ್ ಓದುವ ಮಗ ಇದ್ದಾನಲ್ಲ! ಗ್ರಾಮ ನಕ್ಷೆಯ ಒಂದು ಪ್ರತಿ ನನ್ನ ಬಳಿ ಇತ್ತು. ಮೂಲೆಯಲ್ಲಿ 1:7920 ಎಂದು ಬರೆದಿತ್ತು. ಪೈಪ್ ಬದುಗಳ ಮೇಲೆ ಸುತ್ತಿಕೊಂಡು ಹೋಗಬೇಕಾದ್ದರಿಂದ ನೇರ ಗೆರೆ ಹಾಕದೆ, ಬದುವಿನ ಗೆರೆಗಳ ಮೇಲೆಯೇ ದಾರ ಇಟ್ಟು, ಆ ದಾರವನ್ನು ಸ್ಕೇಲ್ ಮೇಲೆ ಅಳೆದೆ. ಸರಿಯಾಗಿ 3 ಸೆಂಟಿಮೀಟರ್. ಲೆಕ್ಕ ಹಾಕಿ 40 ಪೈಪ್ ಎಂದೆ.

ನಾನು ಊರಿಗೆ ಬಂದ ದಿನವೇ ಪೈಪ್ ಜೋಡಿಸುವ ಕೆಲಸ. ನಲವತ್ತನೇ ಪೈಪ್ ಅಂಟಿಸಿ ತಲೆಯೆತ್ತಿ ನೋಡಿದರೆ ನಮ್ಮ ತೋಟ ಇನ್ನೂ ಎರಡು ಹೊಲದಾಚೆ ಇತ್ತು. “ಯಾಕ್ಲಾ ಮಗ, ನಿಮ್ ಕಾಲೇಜಲ್ಲಿ ಮೀಟ್ರು ಚಿಕ್ಕದೇನ್ಲಾ?” ಅಂದರು ಅಪ್ಪ. ಪೈಪ್ ಜೋಡಿಸಲು ಬಂದಿದ್ದ ಅಣ್ಣ ಬೇರೆ ಕಡೆ ನೋಡಿಕೊಂಡು ನಗುತ್ತಿದ್ದರು.

ನನ್ನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪು ಎಲ್ಲಿತ್ತು ಎಂದು ತಿಳಿಯಬೇಕಾದರೆ 1:7920 ಎಂಬ ಬರಹ ನಿಜಕ್ಕೂ ಏನು ಹೇಳುತ್ತದೆ ಎಂದು ನೋಡಬೇಕು.

ಇದನ್ನು ಪಠ್ಯಪುಸ್ತಕದಲ್ಲಿ ಪ್ರಾತಿನಿಧಿಕ ಭಿನ್ನರಾಶಿ ಎನ್ನುತ್ತಾರೆ, ತರಗತಿಯಲ್ಲಿ ಎಲ್ಲರ ಬಾಯಲ್ಲೂ ಆರ್.ಎಫ್. ಕಾಗದದ ಮೇಲಿನ ಒಂದು ಅಳತೆ ನೆಲದ ಮೇಲೆ ಅಂಥವೇ 7920 ಅಳತೆಗೆ ಸಮ ಎಂಬುದು ಇದರ ಅರ್ಥ. ಇದಕ್ಕೆ ಮಾನವಿಲ್ಲ. ಇಂಚಿನಲ್ಲಿ ಅಳೆದರೆ 7920 ಇಂಚು, ಸೆಂಟಿಮೀಟರ್‌ನಲ್ಲಿ ಅಳೆದರೆ 7920 ಸೆಂಟಿಮೀಟರ್, ಬೆಂಕಿಕಡ್ಡಿಯಲ್ಲಿ ಅಳೆದರೆ 7920 ಬೆಂಕಿಕಡ್ಡಿ. ಎರಡೂ ಕಡೆ ಮಾನ ಒಂದೇ ಆಗಿರಬೇಕು, ಅಷ್ಟೇ ಷರತ್ತು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲೇ: ಸೆಂಟಿಮೀಟರ್‌ನಲ್ಲಿ ಅಳೆದು, ಗುಣಿಸಿ, ಉತ್ತರಕ್ಕೆ ಮೀಟರ್ ಎಂದು ಬರೆದುಬಿಡುತ್ತಾರೆ. ನಾನು ಮಾಡುವುದು ಹೀಗೆ. ಮೊದಲು ನಕ್ಷೆಯ 1 ಸೆಂ.ಮೀ. ಎಂದರೆ ನೆಲದಲ್ಲಿ ಎಷ್ಟು ಮೀಟರ್ ಎಂದು ಬರೆದುಕೊಳ್ಳುತ್ತೇನೆ. 7920 ಸೆಂಟಿಮೀಟರನ್ನು ನೂರರಿಂದ ಭಾಗಿಸಿದರೆ 79.2 ಮೀಟರ್. ಆಮೇಲೆ ಅಳೆದ ಉದ್ದದಿಂದ ಗುಣಿಸಿದರಾಯಿತು. 3 ಸೆಂ.ಮೀ.ಗೆ 237.6 ಮೀಟರ್. ಪೈಪ್ ಒಂದಕ್ಕೆ 6 ಮೀಟರ್, ಹಾಗಾಗಿ 40 ಪೈಪ್.

7920 ಎಂಬುದು ಯಾವ ವಿಚಿತ್ರ ಸಂಖ್ಯೆ ಎಂದು ನಿಮಗೂ ಅನ್ನಿಸಿರಬಹುದು. ಮೀಟರ್ ಲೆಕ್ಕದಲ್ಲಿ ಅದು ವಿಚಿತ್ರವೇ. ಆದರೆ ನಮ್ಮ ಕಡೆಯ ಭೂಮಾಪನ ನಡೆದದ್ದು 33 ಅಡಿಯ ಸರಪಳಿಯಲ್ಲಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆ ಒಂದು ಎಕರೆ. ಈಗ 7920 ಇಂಚನ್ನು ಅಡಿಗೆ ತನ್ನಿ: 660 ಅಡಿ. ಅದು ಸರಿಯಾಗಿ 20 ಸರಪಳಿ. ಹಾಗಾಗಿ ನಕ್ಷೆಯ ಒಂದು ಚದರ ಇಂಚು ಇಪ್ಪತ್ತಿಪ್ಪತ್ತಲ 400 ಗುಂಟೆ, ಅಂದರೆ ಹತ್ತು ಎಕರೆ. ಎಂಟು ಇಂಚಿಗೆ ಒಂದು ಮೈಲಿ ಎಂದರೂ ಇದೇ. ಯಾರೋ ಲೆಕ್ಕ ಬಲ್ಲವರು ರೈತನ ಎಕರೆ-ಗುಂಟೆಗೆ ಹೊಂದುವಂತೆ ಆರಿಸಿದ ಸಂಖ್ಯೆ ಇದು. ಸೆಂಟಿಮೀಟರ್ ಸ್ಕೇಲ್ ಹಿಡಿದು ಬೆಳೆದ ನಮಗೆ ಅದರ ಚೆಂದ ಕಾಣುವುದಿಲ್ಲ.

ಮತ್ತೆ ಹೊಲಕ್ಕೆ ಬರೋಣ. ಅಂದು ಸಂಜೆ ಮನೆಯ ಪೆಟ್ಟಿಗೆಯಿಂದ ಅಪ್ಪ ತಂದಿಟ್ಟಿದ್ದ ನಕ್ಷೆ ತೆಗೆದೆ. ಅದು ಎ3 ಹಾಳೆ. ನನ್ನ ಕೈಯಲ್ಲಿದ್ದದ್ದು ಎ4. ಆಗ ನೆನಪಾಯಿತು. ಹಾಸ್ಟೆಲ್‌ಗೆ ಒಯ್ಯಲು ಸುಲಭವಾಗಲಿ ಎಂದು ನಾನೇ ಅದನ್ನು ಜೆರಾಕ್ಸ್ ಮಾಡಿಸಿದ್ದೆ. ಅಂಗಡಿಯವನು ಇಡೀ ನಕ್ಷೆ ಚಿಕ್ಕ ಹಾಳೆಯಲ್ಲಿ ಕೂರಲಿ ಎಂದು ಕುಗ್ಗಿಸಿದ್ದ, ನಾನೂ ಹೂಂ ಅಂದಿದ್ದೆ. ಗೆರೆಗಳೆಲ್ಲ ಕುಗ್ಗಿದವು. ಆದರೆ ಮೂಲೆಯಲ್ಲಿದ್ದ 1:7920 ಎಂಬ ಬರಹ ಅಕ್ಷರ ಚಿಕ್ಕದಾದರೂ 1:7920 ಎಂದೇ ಉಳಿಯಿತು. ಭಿನ್ನರಾಶಿ ನಿಜವಾಗಿರುವುದು ಅದನ್ನು ಬರೆದ ಮೂಲ ಹಾಳೆಯ ಗಾತ್ರದಲ್ಲಿ ಮಾತ್ರ.

ಹಾಗಾದರೆ ಕುಗ್ಗಿದ ಹಾಳೆಯ ನಿಜವಾದ ಪ್ರಮಾಣ ಎಷ್ಟು? ಅದಕ್ಕೆ ನೆಲದ ಮೇಲಿನ ಉದ್ದ ಗೊತ್ತಿರುವ ಒಂದು ಗೆರೆ ಬೇಕು, ಅದೂ ಆದಷ್ಟು ಉದ್ದದ್ದು. ನಮ್ಮ ಸರ್ವೆ ನಂಬರ್ ಮತ್ತು ಪಕ್ಕದ ಎರಡು ನಂಬರ್‌ಗಳು ಹಳೇ ಗಾಡಿದಾರಿಯ ಅಂಚಿಗೆ ಒಂದೇ ಸಾಲಿನಲ್ಲಿವೆ. ಪಕ್ಕದವರು ದಾಯಾದಿಗಳೇ, ಮೂರೂ ಟಿಪ್ಪಣಿ ಸಿಕ್ಕವು. ದಾರಿ ಕಡೆಯ ಉದ್ದ ಕ್ರಮವಾಗಿ 15, 17 ಮತ್ತು 14 ಸರಪಳಿ. ಒಟ್ಟು 46 ಸರಪಳಿ, ಅಂದರೆ 1518 ಅಡಿ, ಅಂದರೆ 462.7 ಮೀಟರ್. ನನ್ನ ಎ4 ಹಾಳೆಯಲ್ಲಿ ಅದೇ ಗೆರೆ 4.1 ಸೆಂ.ಮೀ. ಇತ್ತು. ಈಗ ಲೆಕ್ಕ ತಿರುಗಿಸಿ: 46,270 ಸೆಂಟಿಮೀಟರನ್ನು 4.1ರಿಂದ ಭಾಗಿಸಿದರೆ ಸುಮಾರು 11,285. ನನ್ನ ಹಾಳೆಯ ನಿಜವಾದ ಪ್ರಮಾಣ 1:7920 ಅಲ್ಲ, 1:11,285. ಒಂದು ಸೆಂಟಿಮೀಟರ್‌ಗೆ ಸುಮಾರು 113 ಮೀಟರ್. ಪೈಪ್ ದಾರಿಯ 3 ಸೆಂ.ಮೀ. ಎಂದರೆ 339 ಮೀಟರ್. ಜೆರಾಕ್ಸ್ ಯಂತ್ರ ನೂರು ಮೀಟರ್ ನುಂಗಿಹಾಕಿತ್ತು.

ಇನ್ನೊಂದು ಕಡೆಯಿಂದ ತಾಳೆ ನೋಡಿದೆ. ಎ3ಯಿಂದ ಎ4ಗೆ ಇಳಿಸುವಾಗ ಜೆರಾಕ್ಸ್ ಯಂತ್ರ ಉದ್ದವನ್ನು 71 ಪರ್ಸೆಂಟ್‌ಗೆ ತರುತ್ತದೆ. 7920ನ್ನು 0.71ರಿಂದ ಭಾಗಿಸಿದರೆ 11,155. ನನ್ನ ಸಂಖ್ಯೆಗೂ ಇದಕ್ಕೂ ನೂರಕ್ಕೆ ಒಂದರಷ್ಟು ವ್ಯತ್ಯಾಸ. ಸ್ಕೇಲ್ ಓದುವಾಗ ಅರ್ಧ ಮಿಲಿಮೀಟರ್ ಆಚೀಚೆ ಆದರೆ 4.1 ಸೆಂ.ಮೀ.ನಲ್ಲಿ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಚಿಕ್ಕ ಗೆರೆ ಹಿಡಿದು ಪ್ರಮಾಣ ಕಂಡುಹಿಡಿದಿದ್ದರೆ ಇನ್ನೂ ಹೆಚ್ಚು ತಪ್ಪುತ್ತಿತ್ತು.

ನನಗೆ ನಿಜವಾಗಿ ನಾಚಿಕೆಯಾದದ್ದು ಆಮೇಲೆ. ಟಿಪ್ಪಣಿ ಇಲ್ಲದೆಯೂ, ಹಾಸ್ಟೆಲ್‌ನಲ್ಲಿ ಕೂತೇ ಇದನ್ನು ಹಿಡಿಯಬಹುದಿತ್ತು. ನಮ್ಮ ತೋಟ ನನ್ನ ಹಾಳೆಯಲ್ಲಿ 10 ಮಿಲಿಮೀಟರ್ ಉದ್ದ, ಆರೂವರೆ ಮಿಲಿಮೀಟರ್ ಅಗಲದ ಆಯತ. 1:7920 ಎಂದುಕೊಂಡರೆ 79.2 ಮೀಟರ್‌ಗೆ 51.5 ಮೀಟರ್, ಸುಮಾರು 4079 ಚದರ ಮೀಟರ್. ಒಂದು ಎಕರೆ ಎಂದರೆ 4047 ಚದರ ಮೀಟರ್. ಅಂದರೆ ನನ್ನ ನಕ್ಷೆ ನಮ್ಮ ತೋಟ ಒಂದೇ ಎಕರೆ ಎನ್ನುತ್ತಿತ್ತು. ಪಹಣಿಯಲ್ಲಿ ಎರಡು ಎಕರೆ ಇದೆ, ಅದು ಮನೆಯಲ್ಲಿ ಮಕ್ಕಳಿಗೂ ಗೊತ್ತು. ಉದ್ದ 0.7 ಪಟ್ಟಾದರೆ ವಿಸ್ತೀರ್ಣ 0.7ರ ವರ್ಗ, ಹೆಚ್ಚುಕಡಿಮೆ ಅರ್ಧ. ಹಾಗಾಗಿ ಉದ್ದದಲ್ಲಿ ಕಣ್ಣಿಗೆ ಬೀಳದ ತಪ್ಪು ವಿಸ್ತೀರ್ಣದಲ್ಲಿ ಎದ್ದು ಕಾಣುತ್ತದೆ. ನಿಮ್ಮ ಕೈಗೆ ಯಾವುದೇ ಗ್ರಾಮ ನಕ್ಷೆಯ ಪ್ರತಿ ಬಂದರೆ ಮೊದಲು ನಿಮ್ಮ ಹೊಲದ ವಿಸ್ತೀರ್ಣ ಅಳೆದು ಪಹಣಿಯೊಂದಿಗೆ ಹೋಲಿಸಿ. ಎರಡು ನಿಮಿಷದ ಕೆಲಸ.

ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಿಗೂ ಇದೇ ಮಾತು. ಅದರ ಪಿಡಿಎಫ್ ಅನ್ನು ಮೊಬೈಲ್‌ನಲ್ಲಿ ತೆರೆದು ಬೆರಳಲ್ಲಿ ಹಿಗ್ಗಿಸಿದ ಕ್ಷಣವೇ 1:50,000 ಎಂಬ ಬರಹ ಸುಳ್ಳಾಗುತ್ತದೆ. ಪ್ರಿಂಟ್ ಹಾಕಿದ್ದರೆ ಸರಿಯಿದೆಯೇ ಎಂದು ನೋಡಲು ಅಂಚಿನಲ್ಲಿರುವ ಅಕ್ಷಾಂಶದ ಗುರುತು ಸಾಕು. ನಮ್ಮ ಸೀಮೆಯಲ್ಲಿ ತೆಂಕಣ-ಬಡಗಣ ದಿಕ್ಕಿನ 5 ಮಿನಿಟ್ ಅಕ್ಷಾಂಶ ನೆಲದಲ್ಲಿ ಸುಮಾರು 9.22 ಕಿಲೋಮೀಟರ್. 1:50,000ರಲ್ಲಿ ಅದು 18.4 ಸೆಂ.ಮೀ. ಇರಬೇಕು. ನಿಮ್ಮ ಪ್ರಿಂಟ್‌ನಲ್ಲಿ 13 ಸೆಂ.ಮೀ. ಬಂದರೆ ಹಾಳೆ ಕುಗ್ಗಿದೆ ಎಂದೇ ಅರ್ಥ.

ಪ್ರಮಾಣ ಸರಿಯಿದ್ದರೂ ನಕ್ಷೆ ಹೇಳಲಾರದ ಸಂಗತಿಯೊಂದಿದೆ. ಅರ್ಧ ಮಿಲಿಮೀಟರ್ ದಪ್ಪದ ಗೆರೆ 1:7920ರಲ್ಲಿ ನೆಲದ ಮೇಲೆ ಸುಮಾರು 4 ಮೀಟರ್. ಬದು ಎರಡಡಿ ಆಚೆಯೋ ಈಚೆಯೋ ಎಂದು ಜಗಳವಾಡುವವರು ಗ್ರಾಮ ನಕ್ಷೆ ಹಿಡಿದು ಅಳೆದರೆ ಪ್ರಯೋಜನವಿಲ್ಲ. ಜಗಳದ ಜಾಗವೇ ಆ ಗೆರೆಯ ದಪ್ಪದೊಳಗೆ ಅಡಗಿರುತ್ತದೆ. ಅದಕ್ಕೇ ಭೂಮಾಪಕರು ಬಂದಾಗ ಟಿಪ್ಪಣಿ ಬಿಚ್ಚುತ್ತಾರೆ. ಟಿಪ್ಪಣಿಯಲ್ಲಿ ಉದ್ದವನ್ನು ಚಿತ್ರದಿಂದ ಅಳೆಯಬೇಕಿಲ್ಲ, ಸಂಖ್ಯೆಯಲ್ಲೇ ಬರೆದಿರುತ್ತದೆ. ಸಂಖ್ಯೆಯನ್ನು ಯಾವ ಜೆರಾಕ್ಸ್ ಯಂತ್ರವೂ ಕುಗ್ಗಿಸಲಾರದು.

ಏರಿಳಿತದ ಚಿಂತೆಯೂ ನನಗಿತ್ತು. ನಕ್ಷೆ ತೋರಿಸುವುದು ಮಟ್ಟಸ ದೂರ, ನಮ್ಮ ಹೊಲವೋ ಇಳಿಜಾರು. ಆದರೆ 339 ಮೀಟರ್‌ನಲ್ಲಿ 20 ಮೀಟರ್ ಇಳಿದರೂ ಪೈಪ್ ಹೆಚ್ಚಾಗುವುದು 60 ಸೆಂಟಿಮೀಟರ್‌ನಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಹೋಗುವುದು ಜಾಯಿಂಟ್‌ಗಳಲ್ಲಿ. ಒಂದು ಪೈಪ್ ಇನ್ನೊಂದರೊಳಗೆ ಕೂರುವಾಗ ಒಂದಷ್ಟು ಉದ್ದ ಒಳಗೇ ಸೇರಿಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಪೈಪ್ ಜೋಡಿಸುವ ಅಣ್ಣ, ಪುಸ್ತಕವಲ್ಲ. ಹಾಗಾಗಿ ಲೆಕ್ಕಕ್ಕೆ 17 ಸಾಕಿದ್ದರೂ 18 ಪೈಪ್ ತರಿಸಿದೆವು. ಎರಡನೇ ಸಲದ ಆಟೋ ಬಾಡಿಗೆ ನಾನು ಕೊಟ್ಟೆ. ನೀರು ತೋಟಕ್ಕೆ ಬಂದಾಗ ಒಂದು ತುಂಡು ಉಳಿದಿತ್ತು. ಅದೀಗ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕೋಲಾಗಿದೆ.

ಹಾಸ್ಟೆಲ್‌ಗೆ ಹೊರಡುವ ಮುಂಚೆ ಅಪ್ಪನ ಎ3 ನಕ್ಷೆ ಮೂಲ ಗಾತ್ರದ್ದೇ ಎಂದು ಅದೇ ಗಾಡಿದಾರಿಯ ಗೆರೆ ಅಳೆದು ಖಚಿತ ಮಾಡಿಕೊಂಡೆ. 5.8 ಸೆಂ.ಮೀ. ಇತ್ತು, ಸರಿಯಾಗಿದೆ. ಆಮೇಲೆ ಅದರ ಖಾಲಿ ಅಂಚಿನಲ್ಲಿ ಪೆನ್ನಿನಿಂದ 6.3 ಸೆಂ.ಮೀ. ಗೆರೆ ಎಳೆದು, ಕೆಳಗೆ 500 ಮೀಟರ್ ಎಂದು ಬರೆದೆ. ಇನ್ನು ಯಾರು ಎಷ್ಟೇ ಕುಗ್ಗಿಸಲಿ, ಹಿಗ್ಗಿಸಲಿ, ನಕ್ಷೆಯ ಜೊತೆ ಆ ಗೆರೆಯೂ ಅಷ್ಟೇ ಕುಗ್ಗುತ್ತದೆ, ಹಿಗ್ಗುತ್ತದೆ. ಅಪ್ಪ ಹಾಳೆ ತಿರುಗಿಸಿ ನೋಡಿ, “ಈ ಗೆರೆ ಮೊದ್ಲೇ ಎಳ್ದಿದ್ರೆ ಆಟೋ ದುಡ್ಡು ಉಳೀತಿತ್ತಲ್ಲ” ಅಂದರು.