ಪ್ಲೇಟ್‌ಲೆಟ್ ಏರಿದಾಗ ಜೀನ್ ಪರೀಕ್ಷೆ ಹೇಳುವುದೇನು?

ಡೆಂಗಿ ಜ್ವರದ ದಿನಗಳಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದು ಮನೆಮಂದಿಯೆಲ್ಲ ಕಂಗಾಲಾಗುವುದನ್ನು ನಾವು ನೋಡಿದ್ದೇವೆ. ಅದೇ ಪ್ಲೇಟ್‌ಲೆಟ್ ಏರಿದರೆ? ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕಾದದ್ದು ಏಳೆಂಟು ಲಕ್ಷ ಮುಟ್ಟಿದರೆ ಕೆಲವರು ಅದನ್ನು ಗಮನಿಸುವುದೇ ಇಲ್ಲ. ಇನ್ನು ಕೆಲವರು ವರದಿಯನ್ನು ಅಂತರ್ಜಾಲದಲ್ಲಿ ಹುಡುಕಿ, ರಕ್ತದ ಕ್ಯಾನ್ಸರ್ ಎಂಬ ಮಾತು ಓದಿ ನಿದ್ದೆಗೆಡುತ್ತಾರೆ.

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು 42 ವರ್ಷದ ಗೃಹಿಣಿ, ಇನ್ನೊಬ್ಬರು 57 ವರ್ಷದ ಅಂಗಡಿ ಮಾಲೀಕರು. ಇಬ್ಬರ ಪ್ಲೇಟ್‌ಲೆಟ್ ಎಣಿಕೆಯೂ 7.8 ಲಕ್ಷ. ಎಣಿಕೆ ಒಂದೇ ಆದರೂ ಒಬ್ಬರಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ. ಅದೇ ಮಾತ್ರೆ ಇನ್ನೊಬ್ಬರಿಗೆ ಅಪಾಯ ತರಬಹುದು.

ಮೊದಲು ಗೃಹಿಣಿಯ ವರದಿ. ಹಿಮೋಗ್ಲೋಬಿನ್ 9.1. ಕೆಂಪು ರಕ್ತಕಣಗಳು ಗಾತ್ರದಲ್ಲಿ ಸಣ್ಣವು. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಬರೀ 5. ಮುಟ್ಟಿನಲ್ಲಿ ವರ್ಷಗಳಿಂದ ಹೆಚ್ಚು ರಕ್ತಸ್ರಾವವಾಗುತ್ತಿದೆ. ಕಬ್ಬಿಣ ಬರಿದಾದಾಗ ಅಸ್ಥಿಮಜ್ಜೆ ಪ್ಲೇಟ್‌ಲೆಟ್‌ಗಳನ್ನು ಹೆಚ್ಚಾಗಿ ತಯಾರಿಸುವುದುಂಟು. ಸೋಂಕು, ಕೀಲುಗಳ ಉರಿಯೂತ, ಶಸ್ತ್ರಚಿಕಿತ್ಸೆ, ಗುಲ್ಮ ತೆಗೆದ ನಂತರದ ಸ್ಥಿತಿ, ದೇಹದ ಬೇರೆಡೆ ಅಡಗಿರುವ ಗಡ್ಡೆ ಇವೂ ಹೀಗೆ ಮಾಡುತ್ತವೆ. ಇಲ್ಲೆಲ್ಲ ಮಜ್ಜೆಗೆ ರೋಗವಿಲ್ಲ, ಅದು ಹೊರಗಿನಿಂದ ಬಂದ ಸೂಚನೆಯನ್ನು ಪಾಲಿಸುತ್ತಿದೆ. ಏರಿದ ಪ್ಲೇಟ್‌ಲೆಟ್ ಎಣಿಕೆಗಳಲ್ಲಿ ಬಹುಪಾಲು ಈ ಪ್ರತಿಕ್ರಿಯೆಯ ಬಗೆಯವೇ. ಈ ಗೃಹಿಣಿಗೆ ಕಬ್ಬಿಣ ಕೊಟ್ಟು ಕೆಲವು ವಾರಗಳ ನಂತರ ಮತ್ತೆ ಎಣಿಸಿದಾಗ ಪ್ಲೇಟ್‌ಲೆಟ್ 3.4 ಲಕ್ಷಕ್ಕೆ ಇಳಿದಿದ್ದರೆ ಜೀನ್ ಪರೀಕ್ಷೆಯ ಖರ್ಚೇ ಬೇಡ. ಕಬ್ಬಿಣ ತುಂಬಿದ ಮೇಲೂ ಇಳಿಯದಿದ್ದರೆ ಮಾತ್ರ ಮುಂದಿನ ಪ್ರಶ್ನೆ.

ಆ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗತೊಡಗಿದ್ದು 2005ರಲ್ಲಿ. ಆ ವರ್ಷ ಯುರೋಪ್ ಮತ್ತು ಅಮೆರಿಕದ ನಾಲ್ಕು ಸಂಶೋಧನಾ ತಂಡಗಳು ಒಂದೇ ದೋಷವನ್ನು ಬೇರೆಬೇರೆಯಾಗಿ ಪತ್ತೆಹಚ್ಚಿದವು. ರಕ್ತಕಣ ಹುಟ್ಟಿಸುವ ಕೋಶದ ಮೈಮೇಲೆ ಗ್ರಾಹಕಗಳಿರುತ್ತವೆ. ಹಾರ್ಮೋನ್ ಬಂದು ಅಂಟಿಕೊಂಡರೆ ಒಳಗಿನ ಜಾಕ್-2 ಎಂಬ ಪ್ರೋಟೀನು ಎಚ್ಚೆತ್ತು, ವಿಭಜನೆಯಾಗು ಎಂಬ ಸಂದೇಶ ದಾಟಿಸುತ್ತದೆ. ಈ ಪ್ರೋಟೀನಿನಲ್ಲೇ ಅದರ ಆವೇಗವನ್ನು ತಡೆದಿಡುವ ಒಂದು ಭಾಗವಿದೆ. ಜೀನಿನ ಒಂದೇ ಒಂದು ಅಕ್ಷರ ಬದಲಾಗಿ, 617ನೇ ಸ್ಥಾನದಲ್ಲಿ ವ್ಯಾಲೀನ್ ಬದಲು ಫೀನೈಲ್‌ಅಲನೀನ್ ಬಂದು ಕೂತರೆ ಆ ತಡೆ ಸಡಿಲವಾಗುತ್ತದೆ. ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಕರೆಗಂಟೆ ಬಾರಿಸುತ್ತಲೇ ಇರುತ್ತದೆ. ಲ್ಯಾಬ್ ವರದಿಯಲ್ಲಿ ‘ವಿ617ಎಫ್’ ಎಂದು ಕಾಣುವುದು ಇದೇ. ಇದು ಸಾಮಾನ್ಯವಾಗಿ ತಂದೆತಾಯಿಯಿಂದ ಬಂದದ್ದಲ್ಲ, ಬದುಕಿನ ನಡುವೆ ಮಜ್ಜೆಯ ಒಂದು ಕಾಂಡಕೋಶದಲ್ಲಿ ಹುಟ್ಟಿ ಅದರ ಸಂತತಿಗಷ್ಟೇ ಹರಡಿದ್ದು.

ಈಗ ಅಂಗಡಿ ಮಾಲೀಕರ ವರದಿಗೆ ಬರೋಣ. ಹಿಮೋಗ್ಲೋಬಿನ್ 14.8, ನೋಡಲು ನಿರಾಳ. ಕಣಗಳು ಸಣ್ಣವು, ಫೆರಿಟಿನ್ 8. ಹಾಗಾದರೆ ಇವರಿಗೂ ಕಬ್ಬಿಣದ ಕೊರತೆ, ಮಾತ್ರೆ ಬರೆದರಾಯಿತು ಎಂದು ಅನ್ನಿಸಿಬಿಡುತ್ತದೆ. ತಪ್ಪುವುದು ಇಲ್ಲೇ. ಕೆಂಪು ಕಣಗಳ ಎಣಿಕೆ 70 ಲಕ್ಷ ಇದೆ! ಕಬ್ಬಿಣ ಬರಿದಾದವರಲ್ಲಿ ಇಷ್ಟೊಂದು ಕಣಗಳು ಇರುವಂತಿಲ್ಲ. ತಲಸ್ಸೇಮಿಯಾ ವಾಹಕರಲ್ಲಿಯೂ ಸಣ್ಣ ಕಣಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ ನಿಜ, ಆದರೆ ಅದು ಪ್ಲೇಟ್‌ಲೆಟ್ ಏರಿಕೆಯನ್ನು ವಿವರಿಸುವುದಿಲ್ಲ. ಇವರ ಬಿಳಿ ರಕ್ತಕಣಗಳೂ 14 ಸಾವಿರ. ಕೇಳಿದರೆ, ಸ್ನಾನ ಮಾಡಿದ ಮೇಲೆ ಮೈಯೆಲ್ಲ ತುರಿಸುತ್ತದೆ ಅನ್ನುತ್ತಾರೆ. ಈ ಒಂದು ಮಾತನ್ನು ಕೇಳಿಸಿಕೊಂಡ ವೈದ್ಯರು ಅರ್ಧ ದಾರಿ ಕ್ರಮಿಸಿದಂತೆ.

ತೋಳಿನ ರಕ್ತದಲ್ಲೇ ಜಾಕ್-2 ಪರೀಕ್ಷೆ ಮಾಡಬಹುದು, ಅದೊಂದಕ್ಕೇ ಮಜ್ಜೆ ಚುಚ್ಚಬೇಕಾಗಿಲ್ಲ. ಫಲಿತಾಂಶ: ಪಾಸಿಟಿವ್, ಶೇ 42. ಅಂದರೆ ರಕ್ತದಲ್ಲಿ ಆ ಜೀನಿನ ನೂರು ಪ್ರತಿಗಳನ್ನು ತೆಗೆದರೆ 42ರಲ್ಲಿ ದೋಷವಿದೆ. ಕೆಂಪು ಕಣ ಹುಟ್ಟಿಸಲು ಪ್ರಚೋದಿಸುವ ಎರಿತ್ರೊಪೊಯೆಟಿನ್ ಹಾರ್ಮೋನ್ ತೀರಾ ಕಡಿಮೆ, ಅಂದರೆ ಹೊರಗಿನ ಸೂಚನೆಯಿಲ್ಲದೆಯೇ ಮಜ್ಜೆ ಕೆಲಸ ಮಾಡುತ್ತಿದೆ. ಧೂಮಪಾನ, ಶ್ವಾಸಕೋಶದ ಕಾಯಿಲೆ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇವುಗಳಿಂದ ಕೆಂಪು ಕಣ ಏರಿದವರಲ್ಲಿ ಈ ಹಾರ್ಮೋನ್ ಹೀಗೆ ಕುಸಿದಿರುವುದಿಲ್ಲ, ಜಾಕ್-2 ದೋಷವೂ ಸಾಮಾನ್ಯವಾಗಿ ಇರುವುದಿಲ್ಲ. ಮಜ್ಜೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿದ ರೋಗದ ಹೆಸರು ಪಾಲಿಸೈಥೀಮಿಯಾ ವೆರಾ. ಅತಿಯಾಗಿ ಕೆಂಪು ಕಣ ತಯಾರಿಸಿ ಮಜ್ಜೆಯೇ ಕಬ್ಬಿಣವನ್ನೆಲ್ಲ ನುಂಗಿತ್ತು. ಆ ಕೊರತೆಯೇ ಹಿಮೋಗ್ಲೋಬಿನ್ ಏರದಂತೆ ಹಿಡಿದು ರೋಗವನ್ನು ಮರೆಮಾಡಿತ್ತು. ಧಾರಾಳವಾಗಿ ಕಬ್ಬಿಣ ಕೊಟ್ಟಿದ್ದರೆ ರಕ್ತ ಇನ್ನಷ್ಟು ಮಂದವಾಗಿ ಮೆದುಳಿನಲ್ಲೋ ಹೃದಯದಲ್ಲೋ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತಿತ್ತು. ಇವರ ರಕ್ತದಲ್ಲಿ ಕಣಗಳ ಪಾಲನ್ನು ಶೇ 45ಕ್ಕಿಂತ ಕೆಳಗೆ ಇರಿಸಲು ಆಗಾಗ ರಕ್ತ ತೆಗೆಯುತ್ತಾರೆ, ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ವಯಸ್ಸು ಅರುವತ್ತು ದಾಟಿದರೆ ಅಥವಾ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಕಣಗಳನ್ನು ತಗ್ಗಿಸುವ ಔಷಧಿಯೂ ಸೇರುತ್ತದೆ.

ಪಾಸಿಟಿವ್ ಬಂದರೆ ರೋಗ, ನೆಗೆಟಿವ್ ಬಂದರೆ ಇಲ್ಲ ಎಂದು ಇಷ್ಟಕ್ಕೇ ತೀರ್ಮಾನಿಸುವಂತಿಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 20 ಸಾವಿರ ಸಾಮಾನ್ಯ ಜನರ ರಕ್ತವನ್ನು ಬಹಳ ಸೂಕ್ಷ್ಮವಾದ ವಿಧಾನದಲ್ಲಿ ಪರೀಕ್ಷಿಸಿದಾಗ ನೂರಕ್ಕೆ ಮೂವರಲ್ಲಿ ಈ ಜಾಕ್-2 ದೋಷ ಸಿಕ್ಕಿತು. ಹೆಚ್ಚಿನವರಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿತ್ತು. ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿರುವ ಎಪ್ಪತ್ತು ವರ್ಷದವರ ಪ್ಲೇಟ್‌ಲೆಟ್ 5.2 ಲಕ್ಷವಿದ್ದು, ಜಾಕ್-2 ಶೇ 0.4 ಬಂದರೆ ಅದನ್ನು ರೋಗ ಎನ್ನಲಾಗದು. ಸೋಂಕು ಪೂರ್ತಿ ಹೋಗಲಿ, ಕೆಲವು ತಿಂಗಳ ಬಳಿಕ ಎಣಿಕೆಯನ್ನೂ ಪ್ರಮಾಣವನ್ನೂ ಮತ್ತೆ ನೋಡಬೇಕು. ಪಾಸಿಟಿವ್ ಎಂಬ ಪದವನ್ನಷ್ಟೇ ಬರೆದು ಪ್ರಮಾಣ ತಿಳಿಸದ ವರದಿ ನನ್ನ ದೃಷ್ಟಿಯಲ್ಲಿ ಅರ್ಧ ವರದಿ.

ನೆಗೆಟಿವ್ ಫಲಿತಾಂಶಕ್ಕೂ ಮಿತಿಯಿದೆ. ಪಾಲಿಸೈಥೀಮಿಯಾ ವೆರಾದಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಜಾಕ್-2 ದೋಷ ಇರುತ್ತದೆ, ಆದರೆ ಕೆಲವರಲ್ಲಿ ಅದು 617ರಲ್ಲಿ ಇರದೆ ಜೀನಿನ 12ನೇ ಎಕ್ಸಾನ್ ಎಂಬ ಬೇರೆ ತುಂಡಿನಲ್ಲಿರುತ್ತದೆ. ಅದನ್ನು ಬೇರೆಯಾಗಿ ಹುಡುಕದಿದ್ದರೆ ಕಾಣುವುದಿಲ್ಲ. ಪ್ಲೇಟ್‌ಲೆಟ್ ಮಾತ್ರ ಏರುವ ಎಸೆನ್ಷಿಯಲ್ ತ್ರಾಂಬೊಸೈಥೀಮಿಯಾ ರೋಗದಲ್ಲಂತೂ ಜಾಕ್-2 ಸಿಗುವುದು ಅರ್ಧಕ್ಕಿಂತ ತುಸು ಹೆಚ್ಚು ಜನರಲ್ಲಷ್ಟೇ. ಉಳಿದವರಲ್ಲಿ ಅನೇಕರಿಗೆ 2013ರಲ್ಲಿ ಪತ್ತೆಯಾದ ಕ್ಯಾಲ್‌ಆರ್ ಜೀನಿನ ದೋಷ, ಕೆಲವರಿಗೆ ಎಂಪಿಎಲ್ ಜೀನಿನ ದೋಷ ಇರುತ್ತದೆ. ಜಾಕ್-2 ಒಂದನ್ನೇ ನೋಡಿ, ನೆಗೆಟಿವ್ ಬಂತು, ನಿಶ್ಚಿಂತೆಯಾಗಿರಿ ಎಂದು ಕಳಿಸಿದರೆ ಇವರೆಲ್ಲ ಕೈತಪ್ಪಿ ಹೋಗುತ್ತಾರೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಕೂಡ ಕೆಲವೊಮ್ಮೆ ಬರೀ ಪ್ಲೇಟ್‌ಲೆಟ್ ಏರಿಕೆಯಾಗಿ ಕಾಣಿಸಿಕೊಳ್ಳುವುದರಿಂದ ಅದರ ಪರೀಕ್ಷೆಯೂ ಬೇಕು.

ಮೂರೂ ಜೀನುಗಳಲ್ಲಿ ದೋಷ ಸಿಗದೆಯೂ ರೋಗ ಇರುವವರಿದ್ದಾರೆ, ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಅವರನ್ನು ಗುರುತಿಸಲು ಮಜ್ಜೆಯ ತುಣುಕೇ ಆಧಾರ. ಎಸೆನ್ಷಿಯಲ್ ತ್ರಾಂಬೊಸೈಥೀಮಿಯಾದಲ್ಲಿ ಪ್ಲೇಟ್‌ಲೆಟ್ ಹುಟ್ಟಿಸುವ ಕೋಶಗಳು ಬೃಹತ್ತಾಗಿ, ಅವುಗಳ ಕೋಶಕೇಂದ್ರ ಜಿಂಕೆಯ ಕೊಂಬಿನಂತೆ ಕವಲೊಡೆದು ಕಾಣುತ್ತದೆ. ಪ್ರತಿಕ್ರಿಯೆಯ ಏರಿಕೆಯಲ್ಲಿ ಈ ರೂಪ ಇರುವುದಿಲ್ಲ. ಮಜ್ಜೆ ಪರೀಕ್ಷೆಗೆ ಮೊದಲು ಮನೆಯಲ್ಲಿ ಹಳೆಯ ರಕ್ತಪರೀಕ್ಷೆಯ ಚೀಟಿಗಳಿದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಮೂರು ವರ್ಷದ ಹಿಂದೆ, ಸೋಂಕಾಗಲಿ ಕಬ್ಬಿಣದ ಕೊರತೆಯಾಗಲಿ ಇಲ್ಲದಾಗಲೂ ಪ್ಲೇಟ್‌ಲೆಟ್ ಆರು ಲಕ್ಷವಿತ್ತೆಂದು ಅದರಲ್ಲಿ ಬರೆದಿದ್ದರೆ, ಜೀನ್ ಪರೀಕ್ಷೆ ಮೂರು ಸಲ ನೆಗೆಟಿವ್ ಬಂದರೂ ರಕ್ತರೋಗ ತಜ್ಞರು ಸೂಜಿ ಕೈಗೆತ್ತಿಕೊಳ್ಳುತ್ತಾರೆ.